ಸೆಕೆಂಡ್ ಹ್ಯಾಂಡ್ ಕಾರಿಗೆ ಬೇಕಾದ ಎರಡು ಕಾಗದ

2007ರ ಜುಲೈಯಲ್ಲಿ ಒಬ್ಬರು ತಮ್ಮ ಕಾರು ಮಾರಿದರು. ಕೊಂಡವರು ಇನ್ನೊಬ್ಬರಿಗೆ ಮಾರಿದರು, ಹೀಗೆ ಕಾರು ಕೈ ದಾಟುತ್ತಾ ಹೋಯಿತು. 2009ರ ಮೇ ತಿಂಗಳಲ್ಲಿ ಅದರಿಂದ ಅಪಘಾತವಾಯಿತು. ಅಷ್ಟೊತ್ತಿಗೂ ಆರ್‌ಸಿಯಲ್ಲಿ ಇದ್ದದ್ದು ಮೊದಲು ಮಾರಿದವರ ಹೆಸರೇ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2018ರಲ್ಲಿ ತೀರ್ಪು ಬಂತು. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದಿತು ನ್ಯಾಯಾಲಯ.

ಅಂದರೆ ಕರಾರು ಪತ್ರ ಎಷ್ಟೇ ಗಟ್ಟಿಯಾಗಿದ್ದರೂ ಅದು ಹೆಸರು ಬದಲಾವಣೆಯ ಕೆಲಸ ಮಾಡುವುದಿಲ್ಲ. ಆದರೂ ಆ ಕಾಗದ ಬೇಕೇ ಬೇಕು. ಕೀ ಕೈಬದಲಾದ ದಿನದಿಂದ ಆರ್‌ಸಿಯಲ್ಲಿ ಹೊಸ ಹೆಸರು ಬರುವವರೆಗೆ ಕೆಲವು ವಾರಗಳು ಹಿಡಿಯುತ್ತವೆ. ಆ ನಡುವೆ ಗಾಡಿ ಒಬ್ಬರ ಹತ್ತಿರ, ಹೆಸರು ಇನ್ನೊಬ್ಬರದು. ಆಗ ಪೊಲೀಸರು ಮನೆಗೆ ಬಂದರೆ, ಗಾಡಿ ಯಾರ ಕೈಲಿತ್ತು ಎಂದು ತೋರಿಸಲು ಡೆಲಿವರಿ ನೋಟ್ ಬೇಕು. ಕಟ್ಟಬೇಕಾಗಿ ಬಂದ ಹಣವನ್ನು ಕೊಂಡವರಿಂದ ಕೇಳಲು ಕರಾರು ಬೇಕು.

ಒಂದು ಉದಾಹರಣೆ ಹಿಡಿಯೋಣ. ಮೈಸೂರಿನ ಒಬ್ಬ ಮೇಷ್ಟ್ರು ತಮ್ಮ 2016ರ ಕಾರನ್ನು ಅದೇ ಊರಿನ ಒಬ್ಬ ನರ್ಸ್‌ಗೆ 3,40,000 ರೂಪಾಯಿಗೆ ಮಾರುತ್ತಿದ್ದಾರೆ. ಕಾರಿನ ಮೇಲೆ ಬ್ಯಾಂಕಿನ ಸಾಲ ಇನ್ನೂ 62,000 ಬಾಕಿ ಇದೆ.

ಕರಾರು ಬರೆಯುವ ಮೊದಲು ನರ್ಸ್ ಎರಡು ಕೆಲಸ ಮಾಡಬೇಕು. ಮೊದಲನೆಯದು, ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಸಾಲ, ವಿಮೆ, ದಂಡ ಎಲ್ಲ ನೋಡುವುದು. ಎರಡನೆಯದು, ಬಾನೆಟ್ ಎತ್ತಿ ಚಾಸಿ ನಂಬರ್, ಇಂಜಿನ್ ನಂಬರ್‌ಗಳನ್ನು ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡುವುದು. ಚಾಸಿ ನಂಬರ್ ಕೊರೆದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಅಥವಾ ಸಾಲು ತಪ್ಪಿದ ಅಕ್ಷರ ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಲಿ.

ಕರಾರಿನಲ್ಲಿ ಇಬ್ಬರ ಹೆಸರು, ವಿಳಾಸ ಗುರುತಿನ ಚೀಟಿಯಲ್ಲಿರುವಂತೆಯೇ ಬರಬೇಕು. ಗಾಡಿಯ ನಂಬರ್, ಚಾಸಿ ಮತ್ತು ಇಂಜಿನ್ ನಂಬರ್, ಮಾಡೆಲ್, ಆ ದಿನ ಮೀಟರ್ ತೋರಿಸುವ ಕಿಲೋಮೀಟರ್ ಇರಬೇಕು. ಬೆಲೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಜಗಳ ಹುಟ್ಟುವುದು ಬರೆಯದೆ ಬಿಟ್ಟ ಮಾತುಗಳಿಂದ.

‘ಇದ್ದ ಸ್ಥಿತಿಯಲ್ಲೇ ಮಾರಿದ್ದೇನೆ’ ಎಂಬ ಸಾಲು ಮಾರುವವರ ರಕ್ಷಣೆಗೆ ಸರಿ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಇರಲೇಬೇಕು: ‘ನನಗೆ ತಿಳಿದಂತೆ ಈ ಗಾಡಿ ದೊಡ್ಡ ಅಪಘಾತಕ್ಕೆ ಸಿಕ್ಕಿಲ್ಲ, ನೀರಿನಲ್ಲಿ ಮುಳುಗಿಲ್ಲ, ಮೀಟರ್ ತಿದ್ದಿಲ್ಲ, ಇದರ ಮೇಲೆ ಯಾವ ಕೇಸೂ ಇಲ್ಲ.’ ಇಂಥ ಮಾತನ್ನು ಬಾಯಲ್ಲಿ ಸಲೀಸಾಗಿ ಹೇಳಿದವರು ಬರೆಯಿರಿ ಎಂದಾಗ ಹಿಂಜರಿದರೆ ಕೊಳ್ಳುವವರು ಎಚ್ಚರಗೊಳ್ಳಬೇಕು. ಗೊತ್ತಿರುವ ದೋಷವಿದ್ದರೆ, ಉದಾಹರಣೆಗೆ ಎಡಗಡೆ ಬಾಗಿಲು ಬದಲಾಯಿಸಿದ್ದರೆ, ಅದನ್ನೂ ಬರೆಯಲಿ. ಆಮೇಲೆ ‘ನೀವು ಹೇಳಲೇ ಇಲ್ಲ’ ಎಂಬ ದೂರಿಗೆ ಜಾಗವಿರುವುದಿಲ್ಲ.

ಅಡ್ವಾನ್ಸ್ ಯಾವಾಗ ವಾಪಸ್, ಎಷ್ಟು ದಿನದಲ್ಲಿ, ಹೆಸರು ಬದಲಾವಣೆಯ ಖರ್ಚು ಯಾರದು ಎಂಬುದೂ ಇರಲಿ. ಇ-ಸ್ಟಾಂಪ್ ಕಾಗದದ ಮೇಲೆ ಬರೆದು, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆದು, ಆಳಿಗೊಂದು ಪ್ರತಿ ಇಟ್ಟುಕೊಳ್ಳಬೇಕು.

ಇನ್ನು ಹಣ. ನಮ್ಮ ಉದಾಹರಣೆಯಲ್ಲಿ 3,40,000ವನ್ನು ನಾಲ್ಕು ಭಾಗ ಮಾಡೋಣ. ಕರಾರಿಗೆ ಸಹಿ ಹಾಕಿದ ದಿನ 10,000 ಅಡ್ವಾನ್ಸ್, ಯುಪಿಐ ಮೂಲಕ. ಆಮೇಲೆ ಇಬ್ಬರೂ ಸೇರಿ ಬ್ಯಾಂಕಿಗೆ ಹೋಗಿ, ಆ ದಿನದ ಬಾಕಿಯ ಪತ್ರ ತೆಗೆಸಿ, 62,000ವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಬೇಕು. ‘ನನಗೆ ಕೊಡಿ, ನಾನು ಕಟ್ಟುತ್ತೇನೆ’ ಎನ್ನುವುದಕ್ಕೆ ಒಪ್ಪಬಾರದು. ಬ್ಯಾಂಕು ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಕೊಡುತ್ತದೆ. ಅದಿಲ್ಲದೆ ಆರ್‌ಸಿಯಿಂದ ಸಾಲದ ನಮೂದು ಹೋಗುವುದಿಲ್ಲ. ಸಾಲದ ಈ ಕಂತೂ ಬೆಲೆಯ ಭಾಗವೆಂದು ಕರಾರಿನಲ್ಲಿ ಇರಬೇಕು.

ಆ ಕಾಗದಗಳು ಕೈಗೆ ಬಂದ ಮೇಲೆ ಡೆಲಿವರಿಯ ದಿನ 2,53,000. ಇದನ್ನು ಬ್ಯಾಂಕ್ ತೆರೆದಿರುವ ಹೊತ್ತಿನಲ್ಲಿ, ಆರ್‌ಟಿಜಿಎಸ್ ಮೂಲಕ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಕಳಿಸಬೇಕು. ಭಾವಮೈದುನನ ಖಾತೆ, ಬ್ರೋಕರ್ ಖಾತೆ ಬೇಡ. ಖಾತೆಯ ನಂಬರ್ ಹಾಕಿದಾಗ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ತೋರಿಸುವ ಸೌಲಭ್ಯ ಈಗ ಆರ್‌ಟಿಜಿಎಸ್, ನೆಫ್ಟ್‌ಗಳಲ್ಲೂ ಇದೆ. ಆ ಹೆಸರು ಓದಿಯೇ ಮುಂದುವರಿಯಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಾರುವವರಿಗೂ ಅಪಾಯವಿದೆ. ಹಣ ಬಂದಂತೆ ತೋರಿಸುವ ಸ್ಕ್ರೀನ್‌ಶಾಟ್, ಬ್ಯಾಂಕಿನದೆಂಬಂತೆ ಕಾಣುವ ಎಸ್‌ಎಂಎಸ್ ಎರಡನ್ನೂ ನಕಲು ಮಾಡುವುದು ಸುಲಭ. ಮೇಷ್ಟ್ರು ತಮ್ಮ ಖಾತೆಯನ್ನು ತಾವೇ ತೆರೆದು ಬಾಕಿ ನೋಡುವವರೆಗೆ ಕೀ ಕೊಡಬಾರದು. ಚೆಕ್ ಕೊಟ್ಟರೆ ಅದು ನಗದಾಗುವವರೆಗೂ ಗಾಡಿ ಮನೆಯಲ್ಲೇ ಇರಲಿ. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎಂದವರು ಮೋಸಗಾರರು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ಉಳಿದ 15,000 ಹೆಸರು ಬದಲಾದ ಮೇಲೆ. ಇಷ್ಟನ್ನು ಹಿಡಿದಿಟ್ಟರೆ, ಸಹಿಗೋ ಓಟಿಪಿಗೋ ಕರೆದಾಗ ಮಾರಿದವರು ಫೋನ್ ಎತ್ತುತ್ತಾರೆ. ಇದು ಅಪನಂಬಿಕೆಯಲ್ಲ, ಕರಾರಿನಲ್ಲೇ ಬರೆದುಕೊಂಡ ಷರತ್ತು.

ಡೆಲಿವರಿ ನೋಟ್ ಒಂದೇ ಪುಟದ್ದಾದರೂ ಅದರಲ್ಲಿ ಗಂಟೆ, ನಿಮಿಷ ಇರಲೇಬೇಕು. ದಿನಾಂಕವಷ್ಟೇ ಇದ್ದರೆ ಅದೇ ದಿನ ಬೆಳಗ್ಗೆ ಬಿದ್ದ ಕ್ಯಾಮೆರಾ ದಂಡ ಯಾರದು ಎಂದು ಹೇಳಲಾಗದು. ‘ಬೆಳಗ್ಗೆ 11 ಗಂಟೆ 40 ನಿಮಿಷಕ್ಕೆ ಗಾಡಿಯನ್ನು ವಶಕ್ಕೆ ಪಡೆದಿದ್ದೇನೆ. ಇದಕ್ಕೆ ಮೊದಲಿನ ದಂಡ, ತೆರಿಗೆ, ಕೇಸುಗಳು ಮಾರಿದವರವು. ಇದರ ನಂತರದವು ನನ್ನವು’ ಎಂದು ಕೊಂಡವರು ಬರೆದು ಸಹಿ ಹಾಕಬೇಕು. ಮೀಟರ್ ಓದು, ಎರಡು ಕೀ, ಆರ್‌ಸಿ, ವಿಮೆ ಪಾಲಿಸಿ, ಬ್ಯಾಂಕಿನ ಎನ್‌ಒಸಿ, ಫಾರಂ 35, ಸ್ಟೆಪ್ನಿ, ಜಾಕ್ ಎಲ್ಲವನ್ನೂ ನಮೂದಿಸಬೇಕು. ಮಾರುವವರು ಅದರ ಕೆಳಗೆ, ಬಂದ ಹಣವನ್ನು ವರ್ಗಾವಣೆಯ ಯುಟಿಆರ್ ನಂಬರ್ ಸಮೇತ ಒಪ್ಪಿ ಸಹಿ ಮಾಡಲಿ. ಫಾಸ್ಟ್ಯಾಗ್ ಮಾರಿದವರ ಖಾತೆಗೆ ಸೇರಿದ್ದು, ಅದನ್ನು ಅವರು ಅವತ್ತೇ ಮುಚ್ಚಿಸಬೇಕು.

ಅದೇ ಮೇಜಿನ ಮೇಲೆ ಫಾರಂ 29 ಮತ್ತು 30 ಕೂಡ ಆಗಲಿ. ಕೊಂಡವರ ಹೆಸರು, ದಿನಾಂಕ ತುಂಬಿದ ಮೇಲೆ ಮಾತ್ರ ಮಾರುವವರು ಸಹಿ ಹಾಕಬೇಕು. ಖಾಲಿ ಫಾರಂಗೆ ಸಹಿ ಮಾಡಿ ಬ್ರೋಕರ್ ಕೈಗೆ ಕೊಟ್ಟರೆ ಗಾಡಿ ಯಾರ ಹೆಸರಿಗೂ ಆಗದೆ ವರ್ಷಗಟ್ಟಲೆ ಓಡುತ್ತದೆ. ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಹೊರರಾಜ್ಯದಲ್ಲಿ ನೋಂದಣಿಯಾದ ಗಾಡಿಯಾದರೆ ಮಾರಿದವರಿಗೆ 45 ದಿನ, ಜೊತೆಗೆ ಅಲ್ಲಿನ ಆರ್‌ಟಿಒದ ಎನ್‌ಒಸಿಯೂ ಬೇಕು.

ವಿಮೆಯ ಕೆಲಸವನ್ನು ಬಹಳ ಜನ ಮುಂದೂಡುತ್ತಾರೆ. ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಹೊಸ ಮಾಲೀಕರಿಗೆ ತಾನಾಗಿ ಸಾಗುತ್ತದೆ. ಆದರೆ ಸ್ವಂತ ಗಾಡಿಗೆ ಆದ ಹಾನಿಯ ಹಣ ಪಾಲಿಸಿ ತಮ್ಮ ಹೆಸರಿಗೆ ಆಗದೆ ಸಿಗುವುದು ಕಷ್ಟ. ಇದಕ್ಕೆ ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಹಳೆಯ ನೋ ಕ್ಲೇಮ್ ಬೋನಸ್ ಮಾರಿದವರದು, ಗಾಡಿಯದಲ್ಲ. ಹಾಗಾಗಿ ಆ ವ್ಯತ್ಯಾಸದ ಹಣವನ್ನು ಕಂಪನಿ ಕೇಳುತ್ತದೆ.

ಮೇಷ್ಟ್ರು ಎಂಪರಿವಾಹನ್‌ನಲ್ಲಿ ಆಗಾಗ ಗಾಡಿ ನಂಬರ್ ಹಾಕಿ ನೋಡುತ್ತಿರಲಿ. ಸಾಲದ ನಮೂದು ಹೋಗಿ, ಮಾಲೀಕರ ಜಾಗದಲ್ಲಿ ಹೊಸ ಹೆಸರು ಬಂದ ದಿನ ನರ್ಸ್ 15,000 ಕಳಿಸಿ, ಪೂರ್ತಿ ಬೆಲೆ ಸಂದಿದೆ ಎಂದು ಅವರಿಂದ ಒಂದು ಸಾಲು ಬರೆಸಿಕೊಳ್ಳಬೇಕು.