ಕೂಡಬೇಕೋ, ಕಳೆಯಬೇಕೋ: ಐದನೇ ತರಗತಿಯ ವಾಕ್ಯರೂಪದ ಲೆಕ್ಕ

ವಾಕ್ಯರೂಪದ ಲೆಕ್ಕ ಕೈಗೆ ಬಂದ ಕೂಡಲೇ ಐದನೇ ತರಗತಿಯ ಮಕ್ಕಳು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: 'ಮಿಸ್, ಕೂಡೋದಾ, ಕಳೆಯೋದಾ?' ಈ ಪ್ರಶ್ನೆಗೆ ಮಗುವೇ ಉತ್ತರ ಕಂಡುಕೊಳ್ಳಲು ಒಂದು ಕ್ರಮವಿದೆ. ಓದುವುದು, ಚಿತ್ರ ಬರೆಯುವುದು, ಕ್ರಿಯೆಯನ್ನು ಆರಿಸುವುದು, ತಾಳೆ ನೋಡುವುದು. ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಹೇಳಿದ ನಾಲ್ಕು ಹೆಜ್ಜೆಗಳಿಗೆ ಇದು ಹತ್ತಿರದ್ದು.

ಒಂದು ಲೆಕ್ಕ ನೋಡಬಹುದು. 'ಮಾದಪ್ಪನ ತೋಟದಲ್ಲಿ 345 ತೆಂಗಿನಕಾಯಿ ಕಿತ್ತರು. ಇದು ಗೌರಮ್ಮನ ತೋಟದಲ್ಲಿ ಕಿತ್ತದ್ದಕ್ಕಿಂತ 120 ಹೆಚ್ಚು. ಇಬ್ಬರದೂ ಸೇರಿ ಎಷ್ಟು ಕಾಯಿ?'

'ಹೆಚ್ಚು' ಎಂದರೆ ಕೂಡು, 'ಉಳಿದದ್ದು' ಎಂದರೆ ಕಳೆ ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ 345ಕ್ಕೆ 120 ಕೂಡಿಸಿ, ಗೌರಮ್ಮನಿಗೆ 465 ಕಾಯಿ ಕೊಟ್ಟುಬಿಡುತ್ತದೆ. ಕೂಡುವುದರಲ್ಲಿ ತಪ್ಪಿಲ್ಲ, ಓದುವುದರಲ್ಲಿ ತಪ್ಪಿದೆ. ಪದ ನೋಡಿ ಕ್ರಿಯೆ ಆರಿಸುವ ಈ ಸುಲಭದ ದಾರಿಯನ್ನು ಕಲಿಸದೇ ಇರುವುದೇ ಒಳ್ಳೆಯದು.

ಆದ್ದರಿಂದ ಮೊದಲ ಓದಿನಲ್ಲಿ ಶಿಕ್ಷಕರು ಹಲಗೆಯ ಮೇಲಿನ ಸಂಖ್ಯೆಗಳನ್ನು ಕೈಯಿಂದ ಮುಚ್ಚಿ, ಕಥೆಯನ್ನಷ್ಟೇ ಹೇಳಿಸಬೇಕು. ಯಾರ ಕಾಯಿ ಹೆಚ್ಚು? 'ಇದು' ಎಂದರೆ ಯಾರದ್ದು? ಕೇಳಿರುವುದೇನು? ಮಕ್ಕಳು ತಮ್ಮ ಮಾತಿನಲ್ಲಿ 'ಮಾದಪ್ಪಂದೇ ಜಾಸ್ತಿ' ಎಂದ ಮೇಲೆ ಸಂಖ್ಯೆಗಳನ್ನು ತೋರಿಸಬಹುದು.

ಚಿತ್ರವೆಂದರೆ ತೆಂಗಿನಮರವಲ್ಲ. ಅದನ್ನು ಬರೆದು ಬಣ್ಣ ಹಚ್ಚುವುದರಲ್ಲೇ ಪಿರಿಯಡ್ ಮುಗಿದುಹೋಗುತ್ತದೆ. ಒಂದರ ಕೆಳಗೊಂದು ಎರಡು ಉದ್ದ ಪಟ್ಟಿ ಸಾಕು: ಮೇಲಿನದು ಮಾದಪ್ಪನದು, 345. ಕೆಳಗಿನದು ಗೌರಮ್ಮನದು, ಸ್ವಲ್ಪ ಗಿಡ್ಡ. ಮೇಲಿನ ಪಟ್ಟಿ ಮುಂದಕ್ಕೆ ಚಾಚಿರುವ ಭಾಗಕ್ಕೆ 120 ಎಂದು ಬರೆಯಬೇಕು. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ಯಾವುದು ಉದ್ದ ಎಂಬುದು ಸರಿಯಿದ್ದರಾಯಿತು. ಗೌರಮ್ಮನ ಪಟ್ಟಿಯನ್ನೇ ಉದ್ದವಾಗಿ ಎಳೆದ ಮಗುವಿಗೆ ಎಡವಿದ್ದು ಓದಿನಲ್ಲಿ ಎಂಬುದು ಲೆಕ್ಕ ಮಾಡುವ ಮೊದಲೇ ಶಿಕ್ಷಕರಿಗೆ ತಿಳಿಯುತ್ತದೆ.

ಈಗ ಕ್ರಿಯೆ ಚಿತ್ರದಲ್ಲೇ ಕಾಣುತ್ತದೆ. ಗಿಡ್ಡ ಪಟ್ಟಿ ಸಿಗಲು ಕಳೆಯಬೇಕು: 345 - 120 = 225. ಎರಡೂ ಪಟ್ಟಿ ಸೇರಲು ಕೂಡಬೇಕು: 345 + 225 = 570. ಕೆಲವು ಮಕ್ಕಳು 225ಕ್ಕೇ ನಿಂತುಬಿಡುತ್ತಾರೆ. ಪ್ರಶ್ನೆಯ ವಾಕ್ಯಕ್ಕೆ ಮೊದಲೇ ಅಡಿಗೆರೆ ಎಳೆಸಿದ್ದರೆ ಅದನ್ನು ತೋರಿಸಿ ಮುಂದುವರಿಸಬಹುದು.

ತಾಳೆ ನೋಡುವುದೆಂದರೆ ಅದೇ ಕೂಡುವಿಕೆಯನ್ನು ಮತ್ತೊಮ್ಮೆ ಮಾಡುವುದಲ್ಲ, ಉತ್ತರವನ್ನು ಕಥೆಯೊಳಗೆ ಇಟ್ಟು ನೋಡುವುದು. 225ಕ್ಕಿಂತ 345 ನಿಜವಾಗಿ 120 ಹೆಚ್ಚೇ? ಹೌದು. ಮಾದಪ್ಪನದೇ ಹೆಚ್ಚಾದ್ದರಿಂದ ಒಟ್ಟು 345ರ ಎರಡರಷ್ಟಕ್ಕಿಂತ, ಅಂದರೆ 690ಕ್ಕಿಂತ, ಕಡಿಮೆ ಬರಬೇಕು, 570 ಒಪ್ಪುತ್ತದೆ. 465 ಎಂದು ನಂಬಿ 810 ಬರೆದ ಮಗುವಿನ ತಪ್ಪು ಇಲ್ಲಿ ಹೊರಬೀಳುತ್ತದೆ.

ಭಾಗಾಕಾರದಲ್ಲಿ ಈ ಹೆಜ್ಜೆ ಇನ್ನೂ ಅಗತ್ಯ. ಅದೇ 570 ಕಾಯಿಯನ್ನು ಚೀಲಕ್ಕೆ 80ರಂತೆ ತುಂಬಿದರೆ ಭಾಗಲಬ್ಧ 7, ಶೇಷ 10. ಎಷ್ಟು ಚೀಲ ಬೇಕು ಎಂದರೆ ಉತ್ತರ 8, ಏಕೆಂದರೆ ಉಳಿದ ಹತ್ತು ಕಾಯಿಗೂ ಒಂದು ಚೀಲ ಬೇಕು. ಪೂರ್ತಿ ತುಂಬಿದ ಚೀಲ ಎಷ್ಟು ಎಂದರೆ 7. ಅಂಕಿಗಳು ಅವೇ ಆದರೂ ಕೇಳಿದ್ದು ಬೇರೆ.