ಕ್ಯಾಲ್ಕುಲೇಟರ್ ಆಮೇಲೆ, ಮೊದಲು ಅಂದಾಜು

ಶಿಡ್ಲಘಟ್ಟದ ಕಡೆ ಒಂದು ಹಿಪ್ಪುನೇರಳೆ ತೋಟ ಅಂದ್ಕೊಳ್ಳಿ. ಕೃಷಿ ಹೊಂಡದಿಂದ 300 ಮೀಟರ್ ಪಿವಿಸಿ ಪೈಪ್, ಒಳವ್ಯಾಸ 50 ಮಿ.ಮೀ., ನಡುವೆ ಐದು ಬೆಂಡ್. ಸೆಕೆಂಡಿಗೆ 3 ಲೀಟರ್ ನೀರು ಹೋಗ್ಬೇಕು.

ಕ್ಯಾಲ್ಕುಲೇಟರ್ ಮುಟ್ಟಬೇಡಿ. ಹೆಚ್ಚು ಒತ್ತಡ ತಿನ್ನೋದು ಯಾವುದು, ಬೆಂಡೋ ಉದ್ದವೋ? ಉತ್ತರ ಬರೆದಿಡಿ.

ಈಗ ಲೆಕ್ಕ. ನೀರಿನ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್. ಘರ್ಷಣಾಂಕ 0.02 ಹಿಡಿದರೆ ಪೈಪಿನ ಉದ್ದಕ್ಕೇ 14 ಮೀಟರ್ ಹೆಡ್ ಹೋಗುತ್ತೆ. ಐದೂ ಬೆಂಡ್ ಸೇರಿ ಅರ್ಧ ಮೀಟರ್ ಅಷ್ಟೇ! ಕಣ್ಣಿಗೆ ಬೆಂಡ್ ಎದ್ದು ಕಾಣುತ್ತೆ, ಅದಕ್ಕೇ ತುಂಬಾ ಜನ ಅದನ್ನೇ ಬರೀತಾರೆ. ಆದ್ರೆ ಪೈಪ್ 10 ಮೀಟರ್ ಮಾತ್ರ ಇದ್ದಿದ್ರೆ? ಆಗ ಎರಡೂ ಸರಿಸಮ. ಪಂಪ್‌ಹೌಸ್ ಒಳಗೆ ಬೆಂಡ್, ವಾಲ್ವ್ ಮರೆಯೋ ಹಾಗಿಲ್ಲ.

ಎರಡನೇ ಪ್ರಶ್ನೆ. ಅಷ್ಟೇ ನೀರು, ಪೈಪ್ 75 ಮಿ.ಮೀ. ಆ 14 ಮೀಟರ್ ಎಷ್ಟಕ್ಕೆ ಇಳಿಯುತ್ತೆ? ವ್ಯಾಸ ಒಂದೂವರೆ ಪಟ್ಟು ಆಯ್ತಲ್ಲ, ಒಂಬತ್ತು ಅಂತ ಬರೆದ್ರಾ? ಬರೋದು ಎರಡೇ ಮೀಟರ್. ಹರಿವು ಅಷ್ಟೇ ಇದ್ದಾಗ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮ. 1.5ರ ಐದನೇ ಘಾತ ಸುಮಾರು 7.6.

ಇದನ್ನೇ ಕ್ಲಾಸಲ್ಲಿ ಹೇಳ್ಕೊಡೋದಾದ್ರೆ, ಪ್ರೆಸೆಂಟೇಶನ್‌ನಲ್ಲಿ ಈ ಸೂತ್ರ ಅಂದಾಜಿನ ನಂತರದ ಸ್ಲೈಡಲ್ಲಿ ಇರಲಿ. ತನ್ನ ಒಂಬತ್ತು ಎರಡಾಗಿದ್ದು ಯಾಕೆ ಅಂತ ವಿದ್ಯಾರ್ಥಿನೇ ಕೇಳ್ತಾನೆ.

ಇನ್ನೊಂದು ನಿಮಗೆ: ಬೆಂಗಳೂರಿನ ಹೆಬ್ಬಾಳ–ನಾಗವಾರದ ಸಂಸ್ಕರಿಸಿದ ನೀರು ಪೈಪಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಲ್ಲ, ಅಲ್ಲಿ ಮೊದಲು ಏನನ್ನ ಅಂದಾಜು ಮಾಡ್ತೀರಿ?