ಒಂದೇ ರೆಸ್ಯೂಮೆ, ನಾಲ್ಕು ಬಗೆಯ ಅಂಕ

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ಕೆಲಸದ ವಿವರಣೆ, ಎಚ್‌ಆರ್‌ನವರ ಮಾತಿನಲ್ಲಿ ‘ಜೆಡಿ’, ಕೇಳುವುದು ಇಷ್ಟು: ಬಿ.ಕಾಂ. ಪದವಿ, ಮೂರು ವರ್ಷದ ಅನುಭವ, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ರೀಕನ್ಸಿಲಿಯೇಷನ್. ಬಂದ ರೆಸ್ಯೂಮೆಗಳನ್ನು ಸೋಸಲು ನಾಲ್ವರಿದ್ದಾರೆ: ಅಕೌಂಟ್ಸ್ ಮ್ಯಾನೇಜರ್, ಕಂಪನಿಯ ಲೆಕ್ಕ ನೋಡಿಕೊಳ್ಳುವ ಆಡಿಟರ್, ಎಚ್‌ಆರ್ ಮತ್ತು ಪ್ಲಾಂಟ್ ಮ್ಯಾನೇಜರ್. ಒಂದು ರೆಸ್ಯೂಮೆಯ ನಾಲ್ಕು ಪ್ರತಿ ತೆಗೆದು ನಾಲ್ವರಿಗೂ ಕೊಟ್ಟು, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದರೆ 9, 5, 7, 4 ಬರುತ್ತದೆ.

ಹೆಚ್ಚಿನ ಕಡೆ ಇಂಥ ಹೊತ್ತಿನಲ್ಲಿ ಮಾಡುವ ಕೆಲಸವೆಂದರೆ ಸರಾಸರಿ ತೆಗೆಯುವುದು. ನಾಲ್ಕನ್ನೂ ಕೂಡಿ ಭಾಗಿಸಿದರೆ 6.25. ಇನ್ನೊಬ್ಬ ಅಭ್ಯರ್ಥಿಗೆ ಇದೇ ನಾಲ್ವರು 6, 6, 6, 7 ಕೊಟ್ಟಿದ್ದರೆ ಅವರ ಸರಾಸರಿಯೂ 6.25. ಹಾಳೆಯ ಮೇಲೆ ಇಬ್ಬರೂ ಸಮ. ಎರಡನೆಯವರ ಬಗ್ಗೆ ನಾಲ್ವರಿಗೂ ಒಂದೇ ಅಭಿಪ್ರಾಯವಿದೆ, ಮೊದಲನೆಯವರ ಬಗ್ಗೆ ಯಾರಿಗೂ ಯಾರ ಜೊತೆಗೂ ಒಮ್ಮತವಿಲ್ಲ. ಆ ಮುಖ್ಯ ಸಂಗತಿಯನ್ನು ಸರಾಸರಿ ನುಂಗಿಬಿಡುತ್ತದೆ. ಅಭ್ಯರ್ಥಿಗಳನ್ನು ನಾಲ್ವರ ನಡುವೆ ಹಂಚಿಕೊಂಡರಂತೂ ಇನ್ನೂ ಕಷ್ಟ. ಕೈಬಿಗಿಯ ಆಡಿಟರ್ ಎಲ್ಲರ ರೆಸ್ಯೂಮೆಗಳನ್ನೂ ನೋಡಿದರೆ ಎಲ್ಲರಿಗೂ ಒಂದೇ ರೀತಿ ಕಡಿಮೆ ಅಂಕ ಬರುತ್ತದೆ, ಸಾಲಿನ ಕ್ರಮ ಕೆಡುವುದಿಲ್ಲ. ಕಾಲುಭಾಗವನ್ನು ಮಾತ್ರ ಅವರು ನೋಡಿದರೆ, ಆ ಕಾಲುಭಾಗದಲ್ಲಿ ಸಿಕ್ಕಿಕೊಂಡವರು ಯಾವ ತಪ್ಪೂ ಇಲ್ಲದೆ ಹಿಂದೆ ಬೀಳುತ್ತಾರೆ.

ರೆಸ್ಯೂಮೆಯನ್ನೇ ನೋಡೋಣ. ತುಮಕೂರಿನಲ್ಲಿ ಬಿ.ಕಾಂ. ಓದಿದ ಹುಡುಗಿ. ಆಡಿಟರ್ ಆಫೀಸೊಂದರಲ್ಲಿ ಎರಡೂವರೆ ವರ್ಷ, ಆಮೇಲೆ ಎಂಟು ತಿಂಗಳು ಖಾಲಿ, ಮತ್ತೆ ಒಂದು ಟ್ರೇಡಿಂಗ್ ಸಂಸ್ಥೆಯಲ್ಲಿ ಒಂದೂವರೆ ವರ್ಷ. ‘40 ಕ್ಲೈಂಟ್‌ಗಳ ಜಿಎಸ್‌ಟಿ ಕೆಲಸ ನಿರ್ವಹಿಸಿದ್ದೇನೆ’ ಎಂಬ ಒಂದು ಸಾಲಿದೆ. ಟ್ಯಾಲಿ, ಎಕ್ಸೆಲ್ ಗೊತ್ತು ಎಂದಿದೆ. ಬ್ಯಾಂಕ್ ರೀಕನ್ಸಿಲಿಯೇಷನ್ ಬಗ್ಗೆ ಚಕಾರವಿಲ್ಲ. ಇಂಗ್ಲಿಷಿನಲ್ಲಿ ಮೂರು ಕಾಗುಣಿತ ತಪ್ಪುಗಳಿವೆ.

ನಾಲ್ವರನ್ನೂ ಕೂರಿಸಿ ಅಂಕದ ಹಿಂದಿನ ಕಾರಣ ಕೇಳಿದರೆ ಚಿತ್ರ ಬಿಡಿಸಿಕೊಳ್ಳುತ್ತದೆ. ‘ನಿರ್ವಹಿಸಿದ್ದೇನೆ’ ಎಂದರೆ ರಿಟರ್ನ್ ತಾನೇ ತಯಾರಿಸಿ ಸಲ್ಲಿಸಿದ್ದಾಳೆ ಎಂದು ಅಕೌಂಟ್ಸ್ ಮ್ಯಾನೇಜರ್ ಓದಿಕೊಂಡರು. ಆಡಿಟರ್ ಅದನ್ನೇ ಬಿಲ್ ಜೋಡಿಸಿಕೊಟ್ಟಿದ್ದಾಳೆ ಅಷ್ಟೇ ಎಂದು ಓದಿದರು, ಏಕೆಂದರೆ ಅವರ ಆಫೀಸಿನಲ್ಲಿ ಎರಡು ವರ್ಷದ ಹುಡುಗರು ಮಾಡುವುದು ಅದನ್ನೇ. ಎಚ್‌ಆರ್ ಎಂಟು ತಿಂಗಳ ಬಿಡುವಿಗೆ ಎರಡು ಅಂಕ, ಕಾಗುಣಿತಕ್ಕೆ ಒಂದು ಅಂಕ ಕಳೆದರು. ಪ್ಲಾಂಟ್ ಮ್ಯಾನೇಜರ್ ನಾಲ್ಕೇ ಕೊಟ್ಟದ್ದಕ್ಕೆ ಕಾರಣ, ಆಕೆ ಕಾರ್ಖಾನೆಯಲ್ಲಿ ಕೆಲಸ ಮಾಡಿಲ್ಲ ಎಂಬುದು.

ಈ ನಾಲ್ಕು ಕಾರಣಗಳಲ್ಲಿ ಎರಡಕ್ಕೆ ಜೆಡಿಯಲ್ಲಿ ಆಧಾರವೇ ಇಲ್ಲ. ಬಿಡುವು ಇರಬಾರದು ಎಂದಾಗಲಿ, ಕಾರ್ಖಾನೆಯ ಅನುಭವ ಬೇಕು ಎಂದಾಗಲಿ ಅದರಲ್ಲಿ ಬರೆದಿಲ್ಲ. ಉಳಿದೆರಡು, ಒಂದೇ ಸಾಲನ್ನು ಇಬ್ಬರು ಎರಡು ರೀತಿ ಓದಿದ್ದರಿಂದ ಆದವು. ಸಂದರ್ಶಕರ ಅಂಕಗಳು ಹೊಂದದಿದ್ದಾಗ ಅಭ್ಯರ್ಥಿಯ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹುಪಾಲು ಸಲ ಭಿನ್ನಾಭಿಪ್ರಾಯ ಇರುವುದು ಕೆಲಸದ ಬಗ್ಗೆ. ನಾಲ್ವರ ತಲೆಯಲ್ಲಿ ನಾಲ್ಕು ಕೆಲಸಗಳಿವೆ, ಹೊರಗೆ ಕಾಣುವ ಹೆಸರು ಮಾತ್ರ ಒಂದೇ.

ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ತಿದ್ದುವವರಿಗೆ ಈ ತೊಡಕು ಹೊಸದಲ್ಲ. ಅದಕ್ಕೇ ಮೌಲ್ಯಮಾಪನ ಶುರುವಾಗುವ ಮೊದಲು ಅವರ ಕೈಗೆ ಮಾದರಿ ಉತ್ತರ ಬರುತ್ತದೆ: ಯಾವ ಅಂಶಕ್ಕೆ ಎಷ್ಟು ಅಂಕ, ಯಾವ ಪರ್ಯಾಯ ಉತ್ತರವನ್ನು ಒಪ್ಪಬಹುದು. ರೆಸ್ಯೂಮೆ ಸೋಸುವವರಿಗೂ ಬೇಕಾದದ್ದು ಅಂಥದೊಂದು ಹಾಳೆ.

ಆ ಹಾಳೆಯನ್ನು ಮಾಡುವುದು ಹೀಗೆ. ಮೊದಲು ಜೆಡಿಯನ್ನು ಒಡೆಯಬೇಕು. ನಮ್ಮ ಉದಾಹರಣೆಯಲ್ಲಿ ಮೂರು ಮಾನದಂಡಗಳು ಸಾಕು: ಜಿಎಸ್‌ಟಿ, ಟ್ಯಾಲಿಯಲ್ಲಿ ಲೆಕ್ಕ, ಬ್ಯಾಂಕ್ ರೀಕನ್ಸಿಲಿಯೇಷನ್. ಪದವಿ ಮತ್ತು ವರ್ಷಗಳಿಗೆ ಅಂಕ ಬೇಡ, ಇದೆಯೋ ಇಲ್ಲವೋ ಎಂದು ಗುರುತು ಹಾಕಿದರೆ ಆಯಿತು. ಆಮೇಲೆ ಪ್ರತಿ ಮಾನದಂಡಕ್ಕೂ 1ರಿಂದ 4ರವರೆಗಿನ ಅಂಕಗಳ ಅರ್ಥವನ್ನು ವಾಕ್ಯದಲ್ಲಿ ಬರೆಯಬೇಕು. ‘ಸಾಧಾರಣ’, ‘ಉತ್ತಮ’ ಎಂಬ ಪದಗಳು ಇಲ್ಲಿ ಏನೂ ಸಹಾಯ ಮಾಡುವುದಿಲ್ಲ, ಹಾಳೆಯಲ್ಲಿ ಕಣ್ಣಿಗೆ ಕಾಣುವ ಸಾಕ್ಷಿಯನ್ನೇ ಹೇಳಬೇಕು. ಜಿಎಸ್‌ಟಿಗೆ ಹೀಗೆ ಬರೆಯಬಹುದು. ಬರೀ ಪದ ಇದ್ದರೆ ಅಥವಾ ಕೋರ್ಸ್ ಮಾಡಿದ್ದರೆ 1. ಬಿಲ್ ಜೋಡಿಸುವುದು, ನಮೂದು ಮಾಡುವುದು, ಇನ್ನೊಬ್ಬರ ಕೈಕೆಳಗೆ ಸಹಾಯ ಮಾಡಿದ್ದು ಕಂಡರೆ 2. ಜಿಎಸ್‌ಟಿಆರ್-1, 3ಬಿ ಎಂದು ನಮೂನೆಯ ಹೆಸರು ಹೇಳಿ, ತಾನೇ ತಯಾರಿಸಿದ್ದೇನೆ ಅಥವಾ ಸಲ್ಲಿಸಿದ್ದೇನೆ ಎಂದಿದ್ದರೆ 3. ಅದರ ಮೇಲೆ ಇನ್‌ಪುಟ್ ಕ್ರೆಡಿಟ್ ಹೊಂದದಿದ್ದಾಗ ಸರಿಪಡಿಸಿದ್ದು, ನೋಟಿಸಿಗೆ ಉತ್ತರ ಸಿದ್ಧಪಡಿಸಿದ್ದು ಇದ್ದರೆ 4. ಅಂಕಗಳ ಪಕ್ಕದಲ್ಲಿ ನಡವಳಿಕೆಯ ವಿವರಣೆಯನ್ನು ಕಟ್ಟಿಡುವ ಈ ಪದ್ಧತಿಯನ್ನು 1963ರಲ್ಲಿ ಪೆಟ್ರೀಷಿಯಾ ಸ್ಮಿತ್ ಮತ್ತು ಎಲ್. ಎಂ. ಕೆಂಡಾಲ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದರು. ಅವರು ಮೊದಲು ಕೆಲಸ ಮಾಡಿದ್ದು ನರ್ಸ್‌ಗಳ ಮೌಲ್ಯಮಾಪನದ ಮೇಲೆ. ಇನ್ನು ನಾಲ್ಕು ಹಂತಗಳೇ ಏಕೆಂದರೆ, ಐದು ಇಟ್ಟರೆ ನಿರ್ಧರಿಸಲಾಗದವರೆಲ್ಲ ಮೂರರಲ್ಲಿ ಹೋಗಿ ಕೂರುತ್ತಾರೆ.

ಎಲ್ಲರೂ ಎಡವುವ ಜಾಗ ಬ್ಯಾಂಕ್ ರೀಕನ್ಸಿಲಿಯೇಷನ್. ರೆಸ್ಯೂಮೆಯಲ್ಲಿ ಅದರ ಮಾತೇ ಇಲ್ಲ. ಅಕೌಂಟ್ಸ್ ಮ್ಯಾನೇಜರ್ ‘ಆಡಿಟರ್ ಆಫೀಸಿನಲ್ಲಿದ್ದವಳಿಗೆ ಅದು ಬಾರದೇ ಇರುತ್ತದೆಯೇ’ ಎಂದು 3 ಕೊಟ್ಟರೆ, ಆಡಿಟರ್ ‘ಬರೆದಿಲ್ಲವೆಂದರೆ ಬರುವುದಿಲ್ಲ’ ಎಂದು 1 ಕೊಡುತ್ತಾರೆ. ಇಬ್ಬರೂ ಇಲ್ಲದ ಸಾಕ್ಷಿಗೆ ಅಂಕ ಕೊಡುತ್ತಿದ್ದಾರೆ. ಆದ್ದರಿಂದ ಹಾಳೆಯಲ್ಲಿ ಅಂಕಗಳ ಜೊತೆ ಒಂದು ಪ್ರಶ್ನಾರ್ಥಕ ಚಿಹ್ನೆಗೂ ಜಾಗ ಇರಲೇಬೇಕು. ಅದರ ಅರ್ಥ ‘ಗೊತ್ತಿಲ್ಲ, ಫೋನಿನಲ್ಲಿ ಕೇಳಬೇಕು’ ಎಂದು. ಮೂರರಲ್ಲಿ ಎರಡು ಮಾನದಂಡಗಳಲ್ಲಿ 3 ಬಂದು ಒಂದರಲ್ಲಿ ಪ್ರಶ್ನೆ ಉಳಿದವರಿಗೆ ಐದು ನಿಮಿಷದ ಕರೆ ಮಾಡುವುದು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಊಹೆಯ ಅಗತ್ಯ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಹಾಳೆಯಲ್ಲಿ ಹೆಚ್ಚು ಜನರಿಗೆ ನ್ಯಾಯ ಸಿಗುವುದು ಆ ಒಂದು ಚಿಹ್ನೆಯಿಂದ. ರೆಸ್ಯೂಮೆ ಬರೆಯುವುದನ್ನು ಯಾರೂ ಹೇಳಿಕೊಡದ ಕಾಲೇಜುಗಳಿಂದ ಬಂದವರು ತಾವು ದಿನಾ ಮಾಡುವ ಕೆಲಸವನ್ನೇ ಬರೆಯಲು ಮರೆತಿರುತ್ತಾರೆ.

ಹಾಳೆ ಸಿದ್ಧವಾದ ಮೇಲೆ ನಾಲ್ವರೂ ಅದೇ ರೆಸ್ಯೂಮೆಗೆ ಮತ್ತೆ ಅಂಕ ಹಾಕಬೇಕು, ಆದರೆ ಬೇರೆ ಬೇರೆ ಕೂತು. ಒಂದು ಮಾನದಂಡವನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಕು, ಪ್ರತಿ ಅಂಕದ ಪಕ್ಕ ಅದಕ್ಕೆ ಆಧಾರವಾದ ಸಾಲನ್ನು ರೆಸ್ಯೂಮೆಯಿಂದಲೇ ಎತ್ತಿ ಬರೆಯಬೇಕು. ಒಂದು ಗುಣ ಹಿಡಿಸಿದರೆ ಉಳಿದ ಗುಣಗಳಿಗೂ ಕೈ ಸಡಿಲವಾಗುತ್ತದೆ ಎಂಬುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಮೈಕಟ್ಟು, ಬುದ್ಧಿ, ನಾಯಕತ್ವ ಎಲ್ಲವೂ ಅನುಮಾನ ಬರುವಷ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ನಾಲ್ವರ ಅಂಕಗಳನ್ನೂ ಒಟ್ಟಿಗೇ ತೆರೆಯಬೇಕು. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರ ಅಂಕ ಅಲ್ಲೇ ಅವರ ಕಡೆ ವಾಲುತ್ತದೆ, ಒಮ್ಮತ ಬಂತೆಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ.

ಈ ಸಲ ಜಿಎಸ್‌ಟಿಗೆ 3, 2, 2, 2 ಬಂತು ಎನ್ನಿ. ಟ್ಯಾಲಿಗೆ ನಾಲ್ವರೂ 3. ರೀಕನ್ಸಿಲಿಯೇಷನ್‌ಗೆ ಮೂವರು ಪ್ರಶ್ನೆ ಹಾಕಿದರು, ಪ್ಲಾಂಟ್ ಮ್ಯಾನೇಜರ್ 1 ಕೊಟ್ಟರು. ಒಂದು ಅಂಕದ ಅಂತರವನ್ನು ಬಿಡಬಹುದು. ಎರಡಾದರೆ, ಅಥವಾ ಒಬ್ಬರು ಪ್ರಶ್ನೆ ಹಾಕಿ ಇನ್ನೊಬ್ಬರು ಅಂಕ ಕೊಟ್ಟಿದ್ದರೆ, ಚರ್ಚೆ ಆಗಬೇಕು. ಚರ್ಚೆಯಲ್ಲಿ ಅಂಕವನ್ನು ಚೌಕಾಸಿ ಮಾಡಬಾರದು. ‘ನೀವು ಸ್ವಲ್ಪ ಇಳಿಸಿ, ನಾನು ಸ್ವಲ್ಪ ಏರಿಸುತ್ತೇನೆ’ ಎಂದರೆ ಈ ರೆಸ್ಯೂಮೆ ಮುಗಿಯುತ್ತದೆ, ಮುಂದಿನದರಲ್ಲಿ ಅದೇ ಅಂತರ ಮತ್ತೆ ಬರುತ್ತದೆ. ತಿದ್ದಬೇಕಾದದ್ದು ಹಾಳೆಯಲ್ಲಿರುವ ವಾಕ್ಯವನ್ನು. ‘ನಮೂನೆಯ ಹೆಸರಿಲ್ಲದೆ ಬರೀ ಕ್ಲೈಂಟ್‌ಗಳ ಸಂಖ್ಯೆ ಹೇಳಿದ್ದರೆ 2, ಕರೆಯಲ್ಲಿ ವಿಚಾರಿಸಿ’ ಎಂದು ಸೇರಿಸಿದರೆ ಜಿಎಸ್‌ಟಿಯ ಗೊಂದಲ ತೀರಿತು.

ಪ್ಲಾಂಟ್ ಮ್ಯಾನೇಜರ್ ಮಾತ್ರ ಬಿಟ್ಟುಕೊಡುವುದಿಲ್ಲ. ‘ಮೇಡಂ, ಜಾಬ್ ವರ್ಕ್‌ಗೆ ಹೊರಗೆ ಹೋದ ಮಾಲಿನ ಚಲನ್ ಯಾರು ನೋಡುತ್ತಾರೆ? ಹಿಂದಿನವರಿಗೆ ಅದೇ ಗೊತ್ತಿರಲಿಲ್ಲ’ ಎನ್ನುತ್ತಾರೆ. ಅಕೌಂಟ್ಸ್ ಮ್ಯಾನೇಜರ್‌ಗೂ ಅದು ಹೌದೆನ್ನಿಸುತ್ತದೆ: ‘ಸರ್, ಇದನ್ನು ಜೆಡಿಯಲ್ಲೇ ಹಾಕಬೇಕಿತ್ತು.’ ಆಗ ಇರುವುದು ಎರಡೇ ದಾರಿ. ಜೆಡಿಗೆ ನಾಲ್ಕನೆಯ ಮಾನದಂಡ ಸೇರಿಸಿ, ಈವರೆಗೆ ನೋಡಿದ ಎಲ್ಲರನ್ನೂ ಅದರಲ್ಲೂ ಅಳೆಯುವುದು. ಇಲ್ಲವೇ ಕೆಲಸಕ್ಕೆ ಸೇರಿದ ಮೇಲೆ ಕಲಿಸುತ್ತೇವೆ ಎಂದು ಒಪ್ಪಿ ಯಾರಿಂದಲೂ ಅದಕ್ಕೆ ಅಂಕ ಕಳೆಯದಿರುವುದು. ಒಬ್ಬರ ಮನಸ್ಸಿನಲ್ಲಷ್ಟೇ ಇಟ್ಟುಕೊಳ್ಳುವಂತಿಲ್ಲ. ಎಂಟು ತಿಂಗಳ ಬಿಡುವಿನ ವಿಷಯಕ್ಕೂ ಇದೇ ನಿಯಮ. ಈ ಕೆಲಸಕ್ಕೆ ಅದು ಹೇಗೆ ಅಡ್ಡಿ ಎಂದು ಬರೆದು ತೋರಿಸಲು ಎಚ್‌ಆರ್‌ಗೆ ಆಗಲಿಲ್ಲವೆಂದರೆ ಆ ಎರಡು ಅಂಕ ಹಿಂದಕ್ಕೆ ಬರಬೇಕು.

ಒಂದೇ ರೆಸ್ಯೂಮೆಯಲ್ಲಿ ಹೊಂದಿಕೆ ಬಂದರೆ ಹಾಳೆ ಚೆನ್ನಾಗಿದೆ ಎಂದಲ್ಲ, ಏಕೆಂದರೆ ಅದನ್ನು ಆ ರೆಸ್ಯೂಮೆಗೇ ಹೊಲಿದಿದ್ದೇವೆ. ಇನ್ನೆರಡನ್ನು ತೆಗೆದುಕೊಳ್ಳಬೇಕು: ಒಂದು ಸ್ಪಷ್ಟವಾಗಿ ದುರ್ಬಲವಾದದ್ದು, ಇನ್ನೊಂದು ಅಂಚಿನಲ್ಲಿರುವಂಥದ್ದು. ದುರ್ಬಲವಾದದ್ದನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಹಾಳೆಯ ನಿಜವಾದ ಪರೀಕ್ಷೆ ಅಂಚಿನದರಲ್ಲಿ. ಶೇಕಡಾವಾರು ಒಮ್ಮತ ಮೋಸ ಮಾಡುವುದೂ ಇಲ್ಲೇ. ಇಬ್ಬರು ಸಂದರ್ಶಕರು 20 ರೆಸ್ಯೂಮೆ ನೋಡಿದರು, 14ನ್ನು ಇಬ್ಬರೂ ಬೇಡವೆಂದರು, 2ನ್ನು ಇಬ್ಬರೂ ಕರೆಯೋಣ ಎಂದರು, ಉಳಿದ 4ರಲ್ಲಿ ಒಬ್ಬರು ಹೌದು ಎಂದದ್ದನ್ನು ಇನ್ನೊಬ್ಬರು ಇಲ್ಲ ಎಂದರು ಎನ್ನಿ. ಒಮ್ಮತ 16, ಅಂದರೆ ಶೇ. 80. ಕೇಳಲು ಚೆನ್ನಾಗಿದೆ. ಆದರೆ ಯಾರಾದರೊಬ್ಬರಿಗೆ ಕರೆಯಬೇಕೆನಿಸಿದ 6 ಮಂದಿಯಲ್ಲಿ ಒಮ್ಮತವಾದದ್ದು ಇಬ್ಬರ ಬಗ್ಗೆ ಮಾತ್ರ. ಆಕಸ್ಮಿಕವಾಗಿ ಬರುವ ಹೊಂದಿಕೆಯನ್ನು ಕಳೆದು ಲೆಕ್ಕ ಹಾಕುವ ಅಳತೆಯೊಂದನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು. ‘ಕಪ್ಪಾ’ ಎಂದು ಅದರ ಹೆಸರು. ಪೂರ್ತಿ ಹೊಂದಿದರೆ 1, ಆಕಸ್ಮಿಕದಷ್ಟೇ ಆದರೆ 0. ಈ ಉದಾಹರಣೆಯಲ್ಲಿ ಅದು 0.38ರಷ್ಟು ಬರುತ್ತದೆ, ಅಂದರೆ ಹಾಳೆಯ ಮೇಲೆ ಇನ್ನೂ ಕೆಲಸ ಬಾಕಿ ಇದೆ.

ಹೊಂದಿಕೆ ಬಂದ ಮಾತ್ರಕ್ಕೆ ತೀರ್ಮಾನ ಸರಿ ಎಂದಾಗುವುದಿಲ್ಲ. ನಾಲ್ವರಿಗೂ ಒಂದೇ ಪೂರ್ವಗ್ರಹ ಇದ್ದರೆ ಅಂಕಗಳು ಚೆನ್ನಾಗಿಯೇ ಹೊಂದುತ್ತವೆ. ಅಮೆರಿಕದ ಬಾಸ್ಟನ್, ಶಿಕಾಗೊ ನಗರಗಳಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಕಲ್ಪಿತ ರೆಸ್ಯೂಮೆಗಳನ್ನು ಕಳಿಸಿ ನಡೆಸಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಬಿಳಿಯರದೆನ್ನಿಸುವ ಹೆಸರಿಗೆ ಕಪ್ಪು ಜನರದೆನ್ನಿಸುವ ಹೆಸರಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಕರೆಗಳು ಬಂದಿದ್ದವು. ನಮ್ಮಲ್ಲಿ ಹೆಸರು, ಊರು, ಓದಿದ ಸಂಸ್ಥೆ ಇಷ್ಟರಿಂದಲೇ ಜಾತಿ, ಧರ್ಮವನ್ನು ಊಹಿಸುವವರಿದ್ದಾರೆ. ಅಂಕ ಹಾಕುವವರ ಕೈಗೆ ಹೋಗುವ ಪ್ರತಿಯಲ್ಲಿ ಹೆಸರು, ಫೋಟೋ, ತಂದೆಯ ಹೆಸರು, ವಿಳಾಸಗಳನ್ನು ಮುಚ್ಚಿ ಸಂಖ್ಯೆಯೊಂದನ್ನು ಹಾಕಲು ಎಚ್‌ಆರ್‌ಗೆ ಹತ್ತು ನಿಮಿಷ ಸಾಕು.

ಇಷ್ಟೆಲ್ಲ ಆದ ಮೇಲೂ ದಿನ ಕಳೆದಂತೆ ಕೈ ಬದಲಾಗುತ್ತದೆ. ಸತತವಾಗಿ ದುರ್ಬಲ ರೆಸ್ಯೂಮೆಗಳನ್ನು ನೋಡಿದ ಮೇಲೆ ಬಂದ ಸಾಧಾರಣದ್ದೂ ಚೆನ್ನಾಗಿ ಕಾಣುತ್ತದೆ. ಇದನ್ನು ಹಿಡಿಯಲು, ಮೊದಲೇ ಒಮ್ಮತಕ್ಕೆ ಬಂದಿದ್ದ ಒಂದು ರೆಸ್ಯೂಮೆಯನ್ನು ಹೊಸ ಸಂಖ್ಯೆ ಹಾಕಿ ಕಟ್ಟಿನ ನಡುವೆ ಆಗಾಗ ಸೇರಿಸುತ್ತಾರೆ. ಆಗ ಜಿಎಸ್‌ಟಿಗೆ 2 ಕೊಟ್ಟವರು ಈಗ ಅದಕ್ಕೇ 4 ಕೊಟ್ಟರೆ, ಆ ವಾರ ಅವರು ನೋಡಿದ ಕಟ್ಟನ್ನು ಹಾಳೆ ಮುಂದಿಟ್ಟುಕೊಂಡು ಮತ್ತೊಮ್ಮೆ ನೋಡಬೇಕು.